ಮೊದಲು ಮೆಕ್ಯಾನಿಕ್, ಆಮೇಲೆ ಸೈಕಲ್ ಅಂಗಡಿ

ಮಕ್ಕಳಿಗೆ ಸೈಕಲ್ ಬೇಕು ಅಂತ ಅಂಗಡಿಗೆ ಹೋದರೆ ಮೊದಲು ಕೇಳುವ ಪ್ರಶ್ನೆ, “ಎಷ್ಟನೇ ಕ್ಲಾಸು?” ಎಂಟನೇ ಕ್ಲಾಸು ಅಂದ ಕೂಡಲೇ “ಹಾಗಾದ್ರೆ 26 ಇಂಚು” ಅಂತ ಒಂದು ಸಾಲಿನ ಕಡೆ ಕೈ ತೋರಿಸುತ್ತಾರೆ. ಈ 26 ಅನ್ನೋದು ಚಕ್ರದ ಅಳತೆ. ಸೈಕಲ್ಲಿನ ಅಳತೆ ಅಲ್ಲ. ಅದೇ 26 ಇಂಚಿನ ಚಕ್ರಕ್ಕೆ 14 ಇಂಚಿನ ಫ್ರೇಮೂ ಇರುತ್ತದೆ, 19 ಇಂಚಿನದೂ ಇರುತ್ತದೆ. ಕೂರುವ ಮಗುವಿಗೆ ವ್ಯತ್ಯಾಸ ಗೊತ್ತಾಗುವುದು ಫ್ರೇಮಿನಲ್ಲಿ. ಆದರೆ ಬೆಲೆಚೀಟಿಯಲ್ಲಿ ದೊಡ್ಡದಾಗಿ ಬರೆದಿರುವುದು ಚಕ್ರ ಮಾತ್ರ.

ನಾವಿರುವುದು ತೀರ್ಥಹಳ್ಳಿ ಕಡೆಯ ಒಂದು ಊರಲ್ಲಿ. ಮಗಳಿಗೆ 12 ವರ್ಷ. ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಸೇರುವವಳಿದ್ದಳು. ಹೈಸ್ಕೂಲು ಮನೆಯಿಂದ ನಾಲ್ಕು ಕಿಲೋಮೀಟರ್. ದಾರಿ ಮೊದಲು ಸಮ, ಆಮೇಲೆ ಹಳ್ಳದ ಸೇತುವೆಗೆ ಇಳಿಜಾರು, ಸೇತುವೆ ದಾಟಿದ ಮೇಲೆ ಅರ್ಧ ಕಿಲೋಮೀಟರ್ ಒಂದೇ ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ನಮ್ಮ ಕಡೆ ಮಳೆ ಅಂದರೆ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಹಾಗಾಗಿ ಬ್ರೇಕು ಒದ್ದೆಯಲ್ಲೂ ಹಿಡಿಯಬೇಕು, ಆ ಏರು ಹತ್ತಬೇಕು, ಕೆಟ್ಟರೆ ಊರಲ್ಲೇ ರಿಪೇರಿ ಆಗಬೇಕು. ಜೊತೆಗೆ ಹತ್ತನೇ ಕ್ಲಾಸು ಮುಗಿಯುವವರೆಗೆ ಬಾಳಬೇಕು.

ನಾನು ಅಂಗಡಿಗೆ ಹೋಗುವ ಮೊದಲು ನಮ್ಮ ಊರಿನ ಸೈಕಲ್ ಮೆಕ್ಯಾನಿಕ್ ಹತ್ತಿರ ಹೋದೆ. ಬಸ್‌ಸ್ಟ್ಯಾಂಡ್ ಹಿಂದೆ ಅವರದೊಂದು ತಗಡಿನ ಶೆಡ್ ಇದೆ. ಐವತ್ತು ದಾಟಿದ ಮನುಷ್ಯ. ತಂದೆಯ ಕಾಲದಿಂದ ಇದೇ ಕೆಲಸ.

“ಮಗಳಿಗೆ ಸೈಕಲ್ ತಗೋಬೇಕು. ಯಾವುದು ತಗೊಂಡ್ರೆ ನಿಮ್ಮ ಹತ್ರ ರಿಪೇರಿ ಆಗುತ್ತೆ?” ಅಂತ ಕೇಳಿದೆ.

ಅವರು ನಕ್ಕರು. “ಮೇಷ್ಟ್ರೇ, ಎಲ್ರೂ ತಗೊಂಡ ಮೇಲೆ ಬಂದು ಕೇಳ್ತಾರೆ ಮಾರಾಯ್ರೇ. ಬನ್ನಿ ಒಳಗೆ.”

ಶೆಡ್ಡಿನ ಗೋಡೆಗೆ ನೇತುಹಾಕಿದ್ದ ಟೈರುಗಳೇ ಅರ್ಧ ಉತ್ತರ ಹೇಳುತ್ತಿದ್ದವು. ಒಂದು ಕಡೆ ಹಳೇ ಕರಿ ಸೈಕಲ್ಲಿನ 28 ಇಂಚಿನವು. ಇನ್ನೊಂದು ಕಡೆ 26ರದ್ದು ಸಣ್ಣ ಟೈರು, ಅದರ ಪಕ್ಕ 26ರದ್ದೇ ದಪ್ಪ ಟೈರು. ಸಣ್ಣ ಟೈರು ಅವರಲ್ಲಿ ಜಾಸ್ತಿ ಇತ್ತು. ಅದಕ್ಕೆ ಕಾರಣ ಸರ್ಕಾರದ ಸೈಕಲ್ಲು. 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದರಲ್ಲ, ಕೋವಿಡ್ ಹೊತ್ತಿಗೆ ಅದು ನಿಂತಿತು. ಆದರೆ ಆ ಸೈಕಲ್ಲುಗಳು ಇನ್ನೂ ಮನೆಮನೆಯಲ್ಲಿ ಇವೆ, ಅವುಗಳ ಸಾಮಾನು ಇಟ್ಟುಕೊಳ್ಳಲೇಬೇಕು ಅಂದರು.

ಇಲ್ಲೊಂದು ವಿಷಯ ಗೊತ್ತಿರಬೇಕು. 26 ಇಂಚಿನ ಟೈರುಗಳೆಲ್ಲ ಒಂದೇ ಅಲ್ಲ. ಸಾದಾ ಸೈಕಲ್ಲಿನ 26 x 1 3/8 ಟೈರು, ಎಂಟಿಬಿ ಅಂತ ಕರೆಯುವ ದಪ್ಪ ಟೈರಿನ ಸೈಕಲ್ಲಿನ 26 x 1.95 ರಿಮ್ಮಿಗೆ ಕೂರುವುದಿಲ್ಲ. ಎರಡಕ್ಕೂ 26 ಅಂತಲೇ ಹೆಸರು, ಆದರೆ ರಿಮ್ಮಿನ ಅಳತೆ ಬೇರೆ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಮೊದಲನೆಯದಕ್ಕೆ 37-590, ಎರಡನೆಯದಕ್ಕೆ 50-559 ಅಂತ ಇರುತ್ತದೆ. ಕೊನೆಯ ಮೂರು ಅಂಕಿ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಆ ಮೂರು ಅಂಕಿ ಹೊಂದಿದರೆ ಮಾತ್ರ ಟೈರು ಹೊಂದುತ್ತದೆ. ಈಗ ಅಂಗಡಿಗಳಲ್ಲಿ ಜಾಸ್ತಿ ಕಾಣುವ 27.5 ಅಂದರೆ 584, 29 ಅಂದರೆ 622. ಇವೆರಡರ ಟೈರು ನಮ್ಮ ಮೆಕ್ಯಾನಿಕ್ ಹತ್ತಿರ ಇರಲಿಲ್ಲ. “ಶಿವಮೊಗ್ಗದಿಂದ ತರಿಸಬೇಕು. ಬಸ್ಸಿಗೆ ಹಾಕ್ಸಿದ್ರೆ ಬರುತ್ತೆ, ಆದ್ರೆ ಅಷ್ಟು ದಿನ ಮಗು ನಡೀಬೇಕು” ಅಂದರು. ನನಗೆ ಚಕ್ರದ ಪ್ರಶ್ನೆ ಅಲ್ಲೇ ಮುಗಿಯಿತು. 559ರ ದಪ್ಪ ಟೈರು, ಅಥವಾ 590ರ ಸಣ್ಣ ಟೈರು. ನಮ್ಮ ರಸ್ತೆಯ ಅಂಚಿನ ಜಲ್ಲಿ ನೋಡಿದರೆ ದಪ್ಪವೇ ಸರಿ.

ವಾಲ್ವ್ ಬಗ್ಗೆಯೂ ಅವರೇ ಹೇಳಿದರು. ಹಳೇ ಸೈಕಲ್ಲಿನದು ವಾಲ್ ಟ್ಯೂಬ್ ಹಾಕುವ ವಾಲ್ವು. ಆ ರಬ್ಬರಿನ ಕೊಳವೆ ಹರಿದರೆ ಗಾಳಿ ನಿಲ್ಲುವುದಿಲ್ಲ, ಆದರೆ ಬದಲಿಸುವುದು ಎರಡು ನಿಮಿಷದ ಕೆಲಸ. ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬರುವುದು ಬೈಕಿನಂಥದ್ದೇ ವಾಲ್ವು. ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು, ಬೈಕಿನ ಪಂಕ್ಚರ್ ಅಂಗಡಿಯಲ್ಲೂ ಹಾಕಿಸಬಹುದು. ಬಂಕಿನಲ್ಲಿ ಮಾತ್ರ ಎಷ್ಟು ಒತ್ತಡ ಅಂತ ಹೇಳಿಯೇ ಹಾಕಿಸಬೇಕು. ಸೈಕಲ್ ಟ್ಯೂಬಿನಲ್ಲಿ ಹಿಡಿಸುವ ಗಾಳಿ ಕಡಿಮೆ, ಒಂದು ಕ್ಷಣ ಜಾಸ್ತಿಯಾದರೆ ಟೈರು ರಿಮ್ಮಿನಿಂದ ಹೊರಗೆ ಬರುತ್ತದೆ.

ಇನ್ನು ಅಳತೆ.

“ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ತಗೊಳ್ಳಿ” ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ನನ್ನ ಅಮ್ಮ ಕೂಡ ಅದನ್ನೇ ಹೇಳಿದರು. ನಮ್ಮ ಕಾಲದಲ್ಲಿ ಅಪ್ಪನ ಕರಿ ಸೈಕಲ್ಲಿನಲ್ಲೇ ಒಳಪೆಡಲ್ ಹೊಡೆದು ಕಲಿತವರು ನಾವು, ಅದೂ ನಿಜ. ಆದರೆ ಆಗ ರಸ್ತೆಯಲ್ಲಿ ಟಿಪ್ಪರ್ ಲಾರಿಗಳು ಇರಲಿಲ್ಲ. ಚಪ್ಪಲಿ ಒಂದು ಸೈಜ್ ದೊಡ್ಡದು ಕೊಡಿಸಿದರೆ ಎಡವಿ ಬೀಳಬಹುದು ಅಷ್ಟೇ. ಸೈಕಲ್ ದೊಡ್ಡದಾದರೆ ಮಗುವಿನ ಕೈ ಬ್ರೇಕಿಗೆ ಸರಿಯಾಗಿ ಸಿಗುವುದಿಲ್ಲ, ನಿಲ್ಲಿಸಿದಾಗ ಕಾಲು ನೆಲಕ್ಕೆ ಸಿಗುವುದಿಲ್ಲ.

ಅಳತೆ ತೆಗೆಯುವುದು ಮನೆಯಲ್ಲೇ ಆಗುತ್ತದೆ. ಮಗಳನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿದೆ. ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ಕನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಲು ಹೇಳಿದೆ, ಸೈಕಲ್ ಸೀಟಿನ ಮೇಲೆ ಕೂತಾಗ ಒತ್ತುವಷ್ಟು. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿದೆ. 67 ಸೆಂಟಿಮೀಟರ್ ಬಂತು. ಎತ್ತರ 146. ಸೈಕಲ್ಲಿಗೆ ಬೇಕಾಗುವುದು ಈ ಕಾಲಿನ ಅಳತೆ. ಒಂದೇ ಎತ್ತರದ ಇಬ್ಬರು ಮಕ್ಕಳ ಕಾಲು ಮೂರ್ನಾಲ್ಕು ಸೆಂಟಿಮೀಟರ್ ಹೆಚ್ಚುಕಮ್ಮಿ ಇರಬಹುದು.

ಸೈಕಲ್ ಸವಾರರು ಬಹಳ ಕಾಲದಿಂದ ಬಳಸುವ ಒಂದು ಲೆಕ್ಕ ಇದೆ. ಕಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ, ಎರಡೂ ಪೆಡಲಿನ ತೋಳು ಸುತ್ತುವ ನಡುವಿನ ಆಕ್ಸಲ್ಲಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟಿರಬೇಕು ಅಂತ ಸಿಗುತ್ತದೆ. ಮಗಳಿಗೆ ಸುಮಾರು 59 ಸೆಂಟಿಮೀಟರ್. ಇದು ಪೂರ್ತಿ ತುಳಿಯುವ ಎತ್ತರ. ಹೊಸದಾಗಿ ರಸ್ತೆಗೆ ಇಳಿಯುವ ಮಗುವಿಗೆ ಮೂರು ಸೆಂಟಿಮೀಟರ್ ತಗ್ಗಿಸಿಯೇ ಶುರು ಮಾಡಬೇಕು, ಕೂತಲ್ಲೇ ಎರಡೂ ಕಾಲಿನ ಮುಂಪಾದ ನೆಲ ಮುಟ್ಟುವ ಹಾಗೆ. ಹತ್ತನೇ ಕ್ಲಾಸಿನ ಹೊತ್ತಿಗೆ ಅವಳ ಕಾಲು 74ರ ಆಸುಪಾಸಿಗೆ ಬರಬಹುದು ಅಂತ ಅಂದಾಜು ಮಾಡಿದೆ. ನಮ್ಮ ಮನೆಯಲ್ಲಿ ಅವಳ ಅತ್ತೆಯ ಮಗಳು ಬೆಳೆದ ರೀತಿ ನೋಡಿ ಹಾಕಿದ ಅಂದಾಜು ಅದು. ಆಗ ಸೀಟು 65 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು. ಅಂದರೆ ಒಂದೇ ಸೈಕಲ್ಲಿನಲ್ಲಿ ಸೀಟು ಆರು ಸೆಂಟಿಮೀಟರ್ ಏರುವ ಜಾಗ ಬೇಕು.

ಸೀಟಿನ ಕೆಳಗಿನ ಪಿಲ್ಲರ್ ಸಾಮಾನ್ಯವಾಗಿ 30 ಸೆಂಟಿಮೀಟರ್ ಉದ್ದ ಇರುತ್ತದೆ. ಅದರಲ್ಲಿ ಹತ್ತು ಸೆಂಟಿಮೀಟರಿನಷ್ಟು ಫ್ರೇಮಿನ ಒಳಗೆ ಇರಲೇಬೇಕು. ಎಲ್ಲಿವರೆಗೆ ಎತ್ತಬಹುದು ಅನ್ನುವುದಕ್ಕೆ ಪಿಲ್ಲರಿನ ಮೇಲೆ ಅಡ್ಡ ಗೆರೆ ಕೊರೆದಿರುತ್ತಾರೆ. ಗೆರೆ ಹೊರಗೆ ಕಂಡರೆ ಜಾಸ್ತಿ ಎತ್ತಿದ್ದೀರಿ ಅಂತ ಅರ್ಥ. ಪಿಲ್ಲರ್ ಬಾಗುತ್ತದೆ, ಇಲ್ಲವೇ ಫ್ರೇಮಿನ ಪೈಪು ಅಲ್ಲೇ ಬಿರುಕು ಬಿಡುತ್ತದೆ. ಹೀಗಾಗಿ ಪಿಲ್ಲರ್ ಹೊರಗೆ ಬರುವುದು ಹೆಚ್ಚೆಂದರೆ 20 ಸೆಂಟಿಮೀಟರ್.

ಈಗ ಫ್ರೇಮಿಗೆ ಬರೋಣ. ಫ್ರೇಮಿನ ಅಳತೆ ಅಂದರೆ ಅದೇ ನಡುವಿನ ಆಕ್ಸಲ್ಲಿನಿಂದ ಸೀಟ್ ಪೈಪಿನ ಬಾಯಿಯವರೆಗಿನ ದೂರ. ಅಂಗಡಿಯಲ್ಲಿ ಟೇಪು ಹಿಡಿದು ನೋಡಿದೆ. 24 ಇಂಚಿನ ಚಕ್ರದ ಸೈಕಲ್ಲಿಗೆ 13 ಇಂಚು, ಅಂದರೆ 33 ಸೆಂಟಿಮೀಟರ್. ಸೀಟು 59ಕ್ಕೆ ಬರಬೇಕಾದರೆ ಉಳಿದ 26 ಸೆಂಟಿಮೀಟರನ್ನು ಪಿಲ್ಲರು ಮತ್ತು ಸೀಟು ತುಂಬಬೇಕು. ಸೀಟಿನ ದಪ್ಪಕ್ಕೆ ಆರು ಕಳೆದರೆ ಪಿಲ್ಲರ್ ಆಗಲೇ 20 ಹೊರಗೆ. ಅಂದರೆ ಪೂರ್ತಿ ತುಳಿಯುವ ಎತ್ತರಕ್ಕೆ ಬರುವ ದಿನವೇ ಗೆರೆ ಬಂದುಬಿಡುತ್ತದೆ. ಆ ಸೈಕಲ್ ನೋಡಲು ಮಗಳಿಗೆ ಈಗ ಹೇಳಿ ಮಾಡಿಸಿದ ಹಾಗೆ ಕಾಣುತ್ತಿತ್ತು. ಒಂದೇ ವರ್ಷದ ಆಟ ಅದು.

16 ಇಂಚಿನ ಫ್ರೇಮಿನಲ್ಲಿ ಲೆಕ್ಕ ಚೆನ್ನಾಗಿ ಕೂತಿತು. ಈಗ ಪಿಲ್ಲರ್ ಸುಮಾರು 12 ಹೊರಗೆ, ಮೂರು ವರ್ಷದ ಮೇಲೆ 18ರಿಂದ 19. ಗೆರೆಯೊಳಗೇ ಇರುತ್ತದೆ. 18 ಇಂಚಿನ ಫ್ರೇಮಿನಲ್ಲೂ ಸೀಟಿನ ಲೆಕ್ಕ ಕೂರುತ್ತಿತ್ತು. ಆದರೆ ಸೈಕಲ್ಲಿನಲ್ಲಿ ಸೀಟು ಒಂದೇ ಅಲ್ಲ, ಹ್ಯಾಂಡಲ್ ಕೂಡ ಇದೆ. 18 ಇಂಚಿನದರ ಮೇಲೆ ಕೂರಿಸಿದಾಗ ಮಗಳ ಮೊಣಕೈ ಪೂರ್ತಿ ನೆಟ್ಟಗಾಯಿತು. ಹ್ಯಾಂಡಲ್ ತಿರುಗಿಸಿದರೆ ಹೊರಗಿನ ಕೈ ಹಿಡಿಯಿಂದ ಜಾರುತ್ತಿತ್ತು. ಸೀಟು ಮೇಲೆ ಕೆಳಗೆ ಬೇಕಾದಷ್ಟು ಆಡುತ್ತದೆ. ಹ್ಯಾಂಡಲ್ಲನ್ನು ಹತ್ತಿರ ತರುವುದು ಅಷ್ಟು ಸುಲಭ ಅಲ್ಲ. ಅದಕ್ಕೇ ಕೈ ಅಳತೆಯಲ್ಲಿ ರಾಜಿ ಬೇಡ. ಕೂತಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ಎರಡು ಕೈಯ ಬೆರಳು ಬ್ರೇಕ್ ಮೇಲೆ ಇರಬೇಕು, ಮುಂದಿನ ಚಕ್ರ ಪಾದಕ್ಕೆ ತಾಗಬಾರದು.

ಫ್ರೇಮಿನ ಮೇಲಿನ ಪೈಪು ತಗ್ಗಿರುವುದನ್ನೇ ಆರಿಸಿದೆವು. ಲೇಡೀಸ್ ಸೈಕಲ್ ಅಂತ ಕರೆಯುತ್ತಾರೆ, ನನ್ನ ಪ್ರಕಾರ ಬ್ಯಾಗು ಹೊತ್ತು ಶಾಲೆಗೆ ಹೋಗುವ ಯಾವ ಮಗುವಿಗೂ ಅದೇ ಒಳ್ಳೆಯದು. ಏರಿನಲ್ಲಿ ಥಟ್ಟನೆ ನಿಂತರೆ ಮುಂದಕ್ಕೆ ಇಳಿಯಲು ಜಾಗ ಇರುತ್ತದೆ.

ಗೇರಿನ ವಿಷಯದಲ್ಲಿ ಮಗಳ ಮನಸ್ಸು ಮೊದಲೇ ನಿಶ್ಚಯವಾಗಿತ್ತು. “ಅಪ್ಪಾ, 21 ಗೇರ್ ಇರೋದು.” ಅವಳ ಕ್ಲಾಸಿನ ಹುಡುಗನ ಹತ್ತಿರ ಅದು ಇದೆ.

ಅವಳ ಜೊತೆಗೇ ಕೂತು ಹಲ್ಲು ಎಣಿಸಿದೆ. 21 ಗೇರ್ ಅಂದರೆ ಮುಂದೆ ಪೆಡಲಿನ ಹತ್ತಿರ ಮೂರು ಹಲ್ಲಿನ ಚಕ್ರ, ಹಿಂದೆ ಏಳು. ಅಂಗಡಿಯಲ್ಲಿದ್ದ ಸೈಕಲ್ಲಿನಲ್ಲಿ ಮುಂದೆ 42, 34, 24 ಹಲ್ಲು. ಹಿಂದೆ ಅತಿ ಸಣ್ಣದಕ್ಕೆ 14, ಅತಿ ದೊಡ್ಡದಕ್ಕೆ 28. ಮುಂದಿನದನ್ನು ಹಿಂದಿನದರಿಂದ ಭಾಗಿಸಿದರೆ ಪೆಡಲ್ ಒಂದು ಸುತ್ತು ತುಳಿದಾಗ ಚಕ್ರ ಎಷ್ಟು ಸುತ್ತು ಹೋಗುತ್ತದೆ ಅಂತ ಗೊತ್ತಾಗುತ್ತದೆ. 42ನ್ನು 28ರಿಂದ ಭಾಗಿಸಿದರೆ ಒಂದೂವರೆ. 24ನ್ನು ಹಿಂದಿನ 16ರಿಂದ ಭಾಗಿಸಿದರೂ ಒಂದೂವರೆ. ಹೆಸರಿಗೆ ಎರಡು ಗೇರು, ತುಳಿಯುವ ಕಾಲಿಗೆ ಒಂದೇ. ಹೀಗೆ ಒಂದರ ಮೇಲೊಂದು ಬೀಳುವವು ಆ 21ರಲ್ಲಿ ಬಹಳ ಇವೆ. ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಚೈನ್ ಹಾಕಿದರೆ ಅದು ಓರೆಯಾಗಿ ಓಡಿ ಕರಕರ ಅನ್ನುತ್ತದೆ, ಬೇಗ ಸವೆಯುತ್ತದೆ. ಆ ಜೋಡಿಗಳನ್ನು ಬಳಸಲೇಬಾರದು. ಮಗಳಿಗೆ ಲೆಕ್ಕ ಅರ್ಥವಾಯಿತು, ಮುಖ ಮಾತ್ರ ಸಪ್ಪಗಾಯಿತು.

ಗೇರೇ ಇಲ್ಲದ ಸೈಕಲ್ ಸಾಕಾ ಅಂತಲೂ ನೋಡಿದೆವು. ಅದರಲ್ಲಿ ಮುಂದೆ 44, ಹಿಂದೆ 18 ಹಲ್ಲು. 26 ಇಂಚಿನ ದಪ್ಪ ಟೈರಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. ಹಾಗಾಗಿ ಪೆಡಲ್ ಒಂದು ಸುತ್ತಿಗೆ ಸೈಕಲ್ ಐದು ಮೀಟರ್ ಮುಂದೆ ಹೋಗುತ್ತದೆ. ಸಮ ರಸ್ತೆಗೆ ಇದು ಹಿತ. ಸೇತುವೆಯ ಏರಿಗೆ 12 ವರ್ಷದ ಕಾಲಿಗೆ ಭಾರ. ಬಯಲುಸೀಮೆಯಲ್ಲಿ, ದಾವಣಗೆರೆ ರಾಯಚೂರಿನಂಥ ಕಡೆ ಇದ್ದಿದ್ದರೆ ನಾನು ಕಣ್ಣು ಮುಚ್ಚಿ ಗೇರಿಲ್ಲದ್ದನ್ನೇ ತರುತ್ತಿದ್ದೆ. ಕೆಡುವ ಸಾಮಾನು ಕಡಿಮೆ, ಚೈನಿಗೆ ಪೂರ್ತಿ ಕವರ್ ಇರುತ್ತದೆ.

ಕೊನೆಗೆ ಆರಿಸಿದ್ದು ಮುಂದೆ ಒಂದೇ, ಹಿಂದೆ ಏಳು. ಮುಂದಿನದಕ್ಕೆ 38 ಹಲ್ಲು, ಹಿಂದೆ ಅದೇ 14ರಿಂದ 28. ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ ಮೂರು ಮೀಟರಿಗಿಂತ ಸ್ವಲ್ಪ ಕಡಿಮೆ, ಅತಿ ಭಾರದಲ್ಲಿ ಐದೂವರೆ. ನಮ್ಮ ದಾರಿಗೆ ಇಷ್ಟು ಬೇಕಾದಷ್ಟಾಯಿತು. ಎಡಗೈಗೆ ಗೇರಿನ ಕೆಲಸವೇ ಇಲ್ಲ. ಮುಂದಿನ ಗೇರ್ ಬದಲಿಸುವ ಸಾಮಾನೂ ಇಲ್ಲ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಮೊದಲು ಕೈಕೊಡುವುದು ಅದೇ ಅಂತ ಮೆಕ್ಯಾನಿಕ್ ಹೇಳಿದ್ದರು. ಚೈನು ಒಳಗೆ ಬಿದ್ದು ಫ್ರೇಮಿಗೆ ಕಚ್ಚಿಕೊಳ್ಳುವುದು, ಇಲ್ಲವೇ ಹೊರಗೆ ಬೀಳುವುದು.

ಗೇರ್ ಸೈಕಲ್ಲಿನಲ್ಲಿ ನೋಡಲೇಬೇಕಾದ ಇನ್ನೊಂದು ಜಾಗ ಹಿಂದಿನ ಚಕ್ರದ ಬಲಗಡೆ. ಗೇರ್ ಬದಲಿಸುವ ಡಿರೇಲರ್ ಅಲ್ಲಿ ಒಂದು ಸಣ್ಣ ಪಟ್ಟಿಗೆ ನೇತಾಡುತ್ತದೆ. ಅದಕ್ಕೆ ಹ್ಯಾಂಗರ್ ಅನ್ನುತ್ತಾರೆ. ಶಾಲೆಯ ಸ್ಟ್ಯಾಂಡಿನಲ್ಲಿ ಸೈಕಲ್ಲುಗಳು ಒಂದರ ಮೇಲೊಂದು ಬೀಳುತ್ತವೆ. ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದು. ಹಿಂದೆ ನಿಂತು ನೋಡಿದರೆ ಡಿರೇಲರಿನ ಎರಡು ಸಣ್ಣ ಚಕ್ರಗಳು ಹಿಂದಿನ ಗೇರಿಗೆ ನೇರವಾಗಿರಬೇಕು. ಒಳಕ್ಕೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಹಾಗೇ ಓಡಿಸಿ ಹಗುರ ಗೇರಿಗೆ ಹಾಕಿದರೆ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ ಚಕ್ರವೇ ಹಾಳಾಗಬಹುದು. ಅಲ್ಯೂಮಿನಿಯಂ ಫ್ರೇಮುಗಳಲ್ಲಿ ಹ್ಯಾಂಗರ್ ಬೇರೆ ತುಂಡು, ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ. ಆ ಮಾಡೆಲ್ ನಿಂತುಹೋದರೆ ಹುಡುಕುವುದು ಕಷ್ಟ. ನಾವು ಆರಿಸಿದ್ದು ಸ್ಟೀಲ್ ಫ್ರೇಮು. ಅದರಲ್ಲಿ ಹ್ಯಾಂಗರ್ ಆಕ್ಸಲ್ಲಿಗೆ ನಟ್ಟಿನಿಂದ ಬಿಗಿದ ಸಾದಾ ಪಟ್ಟಿ. ತೂಕ ಜಾಸ್ತಿ, ಹೌದು. ಆದರೆ ಅಂಥ ಪಟ್ಟಿ ನಮ್ಮ ಶೆಡ್ಡಿನಲ್ಲೇ ಸಿಗುತ್ತದೆ.

ಚೈನಿನ ಬಗ್ಗೆಯೂ ಹೇಳಿಬಿಡುತ್ತೇನೆ. ಮಗಳ ಯೂನಿಫಾರ್ಮ್ ಚೂಡಿದಾರ. ಗೇರ್ ಸೈಕಲ್ಲಿಗೆ ಪೂರ್ತಿ ಚೈನ್ ಕವರ್ ಬರುವುದಿಲ್ಲ. ಮುಂದೆ ಮೂರು ಚಕ್ರ ಇದ್ದರೆ ಅದನ್ನು ಮುಚ್ಚುವುದೂ ಕಷ್ಟ. ಒಂದೇ ಇದ್ದದ್ದಕ್ಕೆ ಅದರ ಹೊರಗೆ ದುಂಡಗಿನ ಪ್ಲಾಸ್ಟಿಕ್ ತಟ್ಟೆ ಇತ್ತು, ಪ್ಯಾಂಟಿನ ಅಂಚು ಹಲ್ಲಿಗೆ ಸಿಗುವುದಿಲ್ಲ. ವೇಲ್ ಹಿಂದಿನ ಚಕ್ರಕ್ಕೆ ಹೋಗದ ಹಾಗೆ ಮಡ್‌ಗಾರ್ಡಿನ ಪಕ್ಕ ಜಾಲರಿ ಹಾಕಿಸಿದೆವು. ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಬ್ರೇಕಿಗೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಅಂಗಡಿಯವರು ಡಿಸ್ಕ್ ಬ್ರೇಕ್ ಸೈಕಲ್ಲನ್ನೇ ಮುಂದೆ ಮಾಡುತ್ತಿದ್ದರು. “ಸರ್, ಮಳೆಗೆ ಡಿಸ್ಕೇ ಬೆಸ್ಟು.” ಮಾತು ಸುಳ್ಳಲ್ಲ. ಡಿಸ್ಕ್ ಇರುವುದು ಚಕ್ರದ ನಡುವೆ. ಕೆಸರು, ನೀರು ಅಲ್ಲಿಗೆ ರಿಮ್ಮಿನಷ್ಟು ಬರುವುದಿಲ್ಲ. ಒಳ್ಳೆಯ ಡಿಸ್ಕ್ ಬ್ರೇಕು ಮಳೆಯಲ್ಲೂ ಹೆಚ್ಚುಕಮ್ಮಿ ಒಣಗಿದ್ದಾಗಿನ ಹಾಗೇ ಹಿಡಿಯುತ್ತದೆ. ತೊಂದರೆ ಇರುವುದು ಕಡಿಮೆ ಬೆಲೆಯ, ತಂತಿಯಿಂದ ಎಳೆಯುವ ಡಿಸ್ಕಿನಲ್ಲಿ. ಅದರಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಪ್ಯಾಡನ್ನು ಒತ್ತಿ, ತೆಳ್ಳನೆಯ ತಟ್ಟೆಯನ್ನು ಆಚೆಗಿನ ಪ್ಯಾಡಿಗೆ ಬಗ್ಗಿಸಿ ಹಿಡಿಯುತ್ತವೆ. ಪ್ಯಾಡು ಸವೆದ ಹಾಗೆ ಎರಡೂ ಕಡೆ ಹೊಂದಿಸುತ್ತಿರಬೇಕು. ಚೈನಿಗೆ ಹಾಕಿದ ಎಣ್ಣೆ ತಟ್ಟೆಗೆ ಸಿಡಿದರೆ ಪ್ಯಾಡು ಎಣ್ಣೆ ಕುಡಿದು ಹಿಡಿಯುವುದನ್ನೇ ಬಿಡುತ್ತದೆ. ನಮ್ಮ ಮೆಕ್ಯಾನಿಕ್ ಹತ್ತಿರ ಆ ಪ್ಯಾಡು ಇಲ್ಲ. “ಹಾಕೋಕೆ ಬರುತ್ತೆ ಮೇಷ್ಟ್ರೇ, ಸಾಮಾನು ಇಲ್ಲ. ಒಂದೊಂದು ಕಂಪನಿಗೆ ಒಂದೊಂದು ನಮೂನೆ. ಯಾವ್ದು ಅಂತ ತಂದಿಟ್ಕೊಳ್ಳಿ?” ಅವರು ಹೇಳಿದ್ದು ನ್ಯಾಯವೇ.

ಹಾಗಾಗಿ ವಿ-ಬ್ರೇಕು. ರಿಮ್ಮಿನ ಎರಡು ಪಕ್ಕ ಉದ್ದನೆಯ ಎರಡು ತೋಳು ಇರುತ್ತವಲ್ಲ, ಅದು. ಅದರ ರಬ್ಬರು ಎಲ್ಲ ಕಡೆ ಸಿಗುತ್ತದೆ, ಬದಲಿಸುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಬರುತ್ತದೆ. ಆದರೆ ಇದು ಮಳೆಯಲ್ಲಿ ಹಿಡಿಯುತ್ತದೋ ಇಲ್ಲವೋ ಅನ್ನುವುದು ಬ್ರೇಕಿಗಿಂತ ಜಾಸ್ತಿ ರಿಮ್ಮಿನ ಮೇಲೆ ನಿಂತಿದೆ. ಹೊಳೆಯುವ ಕ್ರೋಮಿನ ಸ್ಟೀಲ್ ರಿಮ್ ಒದ್ದೆಯಾದರೆ ರಬ್ಬರು ಅದರ ಮೇಲೆ ಜಾರುತ್ತದೆ. ಅಲ್ಯೂಮಿನಿಯಂ ರಿಮ್ ಆದರೆ ಮೊದಲ ಅರ್ಧ ಸುತ್ತು, ಒಂದು ಸುತ್ತು ನೀರು ಒರೆಸಿಕೊಂಡು ಆಮೇಲೆ ಹಿಡಿಯುತ್ತದೆ. ಯಾವುದು ಯಾವ ಲೋಹ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಅದರಲ್ಲೂ ಕಪ್ಪು ಬಣ್ಣ ಬಳಿದಿದ್ದರೆ ಗೊತ್ತೇ ಆಗುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಮ್ಯಾಗ್ನೆಟ್ ಜೇಬಲ್ಲಿ ಹಾಕಿಕೊಂಡು ಹೋಗಿದ್ದೆ. ರಿಮ್ಮಿಗೆ ಅಂಟಿದರೆ ಸ್ಟೀಲು, ಬಿದ್ದರೆ ಅಲ್ಯೂಮಿನಿಯಂ. ಸಾಲಿನಲ್ಲಿ ಇದ್ದವುಗಳಲ್ಲಿ ಎಷ್ಟಕ್ಕೋ ಮ್ಯಾಗ್ನೆಟ್ ಅಂಟಿತು, ಗೇರ್ ಇರುವ ಕೆಲವಕ್ಕೂ.

ಅಂಗಡಿಯವರು ಒಳ್ಳೆಯವರು, ಕೇಳಿದ್ದಕ್ಕೆ ಬೇಡ ಅನ್ನಲಿಲ್ಲ. ಒಂದು ಸ್ಟೀಲ್ ರಿಮ್ಮಿನದು, ಒಂದು ಅಲ್ಯೂಮಿನಿಯಂ ರಿಮ್ಮಿನದು ಹೊರಗೆ ತಂದೆವು. ಎರಡರ ರಿಮ್ಮಿಗೂ ಮಗ್ಗಿನಿಂದ ನೀರು ಸುರಿದು, ನಾನೇ ಓಡಿಸಿ ಒಂದೇ ಗೆರೆಯಲ್ಲಿ ಬ್ರೇಕ್ ಹಿಡಿದೆ. ವ್ಯತ್ಯಾಸ ನೋಡಿದವರಿಗೆ ವಿವರಣೆ ಬೇಕಾಗಲಿಲ್ಲ. ಅಂಗಡಿಯ ಹುಡುಗ ಕೂಡ “ಇದು ನಿಲ್ಲೋದೇ ಇಲ್ಲ ಅಲ್ವಾ” ಅಂದ.

ಇನ್ನು ಮಗುವಿನ ಕೈ. ದೊಡ್ಡವರ ಕೈಗೆ ಹೊಂದಿಸಿದ ಬ್ರೇಕ್ ಲಿವರ್ ಹ್ಯಾಂಡಲ್ಲಿನಿಂದ ದೂರ ಇರುತ್ತದೆ. ಮಗಳ ಬೆರಳಿನ ತುದಿ ಮಾತ್ರ ತಾಗುತ್ತಿತ್ತು. ತುದಿಯಲ್ಲಿ ಎಳೆಯುವ ಬೆರಳಿಗೆ ಬಲ ಇರುವುದಿಲ್ಲ. ವಿ-ಬ್ರೇಕಿನ ಲಿವರಿನ ಬುಡದಲ್ಲಿ, ಅದು ಹ್ಯಾಂಡಲ್ಲಿಗೆ ಕೂರುವ ಕಡೆ, ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಹ್ಯಾಂಡಲ್ ಕಡೆ ಬರುತ್ತದೆ. ಬೆರಳಿನ ಮೊದಲ ಗಂಟು ಲಿವರಿನ ಮೇಲೆ ಕೂರುವವರೆಗೆ ತಿರುಗಿಸಿದೆವು. ಆಮೇಲೆ ತಂತಿಯ ಬಿಗಿಯನ್ನು ಮತ್ತೆ ಹೊಂದಿಸಬೇಕು, ತಂತಿ ಸಡಿಲವಿದ್ದರೆ ಪೂರ್ತಿ ಎಳೆದಾಗ ಲಿವರ್ ಹ್ಯಾಂಡಲ್ಲಿಗೇ ಮುಟ್ಟುತ್ತದೆ. ಪೂರ್ತಿ ಎಳೆದಾಗ ಲಿವರ್ ಮತ್ತು ಹಿಡಿಯ ನಡುವೆ ಒಂದೂವರೆ ಬೆರಳಿನ ಜಾಗ ಉಳಿಯಬೇಕು ಅನ್ನುವುದು ಮೆಕ್ಯಾನಿಕ್ ಲೆಕ್ಕ. ಈ ಸ್ಕ್ರೂ ಇಲ್ಲದ ಲಿವರ್ ಇರುವ ಸೈಕಲ್ಲನ್ನು ಮಕ್ಕಳಿಗೆ ಕೊಡಿಸಬೇಡಿ, ಅಥವಾ ಲಿವರ್ ಬದಲಿಸಿ. ದೊಡ್ಡ ಖರ್ಚೇನಲ್ಲ.

ಸೈಕಲ್ಲುಗಳು ಅಂಗಡಿಗೆ ಬರುವುದು ಅರ್ಧ ಜೋಡಿಸಿ, ಡಬ್ಬದಲ್ಲಿ. ಹ್ಯಾಂಡಲ್, ಪೆಡಲ್, ಮುಂದಿನ ಚಕ್ರ, ಬ್ರೇಕು ಎಲ್ಲ ಇಲ್ಲೇ ಕೂರಿಸುತ್ತಾರೆ. ಆನ್‌ಲೈನಿನಲ್ಲಿ ತರಿಸಿದರೆ ಆ ಕೆಲಸ ನಮ್ಮ ತಲೆಗೆ ಬರುತ್ತದೆ. ಅಲ್ಲಿ ಆಗುವ ಎರಡು ತಪ್ಪು ಮೆಕ್ಯಾನಿಕ್ ನನಗೆ ತೋರಿಸಿದ್ದರು. ಒಂದು, ಮುಂದಿನ ಚಕ್ರ ಹಿಡಿದಿರುವ ಫೋರ್ಕನ್ನು ಹಿಂದುಮುಂದಾಗಿ ಹಾಕುವುದು. ವಿ-ಬ್ರೇಕಿನ ತೋಳು ಫೋರ್ಕಿನ ಮುಂದೆ ಇರಬೇಕು. ಹಿಂದೆ ಫ್ರೇಮಿನ ಕಡೆ ಕಂಡರೆ ಫೋರ್ಕ್ ತಿರುಗಿದೆ. ಹಾಗೇ ಓಡಿಸಿದರೆ ಪಾದ ಚಕ್ರಕ್ಕೆ ತಾಗುತ್ತದೆ. ಇನ್ನೊಂದು ಪೆಡಲ್. ಎಡಗಡೆಯ ಪೆಡಲಿನ ತಿರುಪಿನ ಮರೆ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಲ್ ಮತ್ತು ಆರ್ ಅಂತ ಪೆಡಲಿನ ಆಕ್ಸಲ್ಲಿನ ತುದಿಯಲ್ಲಿ ಬರೆದಿರುತ್ತಾರೆ. ಅದಲು ಬದಲು ಮಾಡಿ ಸ್ಪ್ಯಾನರಿನಿಂದ ಒತ್ತಿ ತಿರುಗಿಸಿದರೆ ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ ಮರೆ ಹೋಗುತ್ತದೆ. ಸ್ವಲ್ಪ ದಿನದಲ್ಲಿ ಪೆಡಲ್ ಕಳಚಿ ಕೈಗೆ ಬರುತ್ತದೆ.

ಸೈಕಲ್ ಮನೆಗೆ ಬಂದ ಮೇಲೆ ಮೊದಲ ತಿಂಗಳು ಕಳೆದ ಕೂಡಲೇ ಮತ್ತೆ ಶೆಡ್ಡಿಗೆ ಒಯ್ದೆವು. ಹೊಸ ಸೈಕಲ್ಲಿನ ತಂತಿಗಳು ಸ್ವಲ್ಪ ಸಡಿಲವಾಗುತ್ತವೆ, ಚಕ್ರದ ಕಡ್ಡಿಗಳೂ ಕೂತು ಸಡಿಲವಾಗುತ್ತವೆ. ಒಂದೊಂದು ಜೋಡಿ ಕಡ್ಡಿಯನ್ನು ಬೆರಳಲ್ಲಿ ಒತ್ತಿ ನೋಡಿದರೆ ಸಡಿಲವಾದದ್ದು ಕೈಗೇ ಗೊತ್ತಾಗುತ್ತದೆ. ಅವರು ರಿಮ್ಮಿನ ಬೆಂಡ್ ತೆಗೆದರು, ಗೇರಿನ ತಂತಿ ಬಿಗಿ ಮಾಡಿದರು, ಸೀಟ್ ಪಿಲ್ಲರಿಗೆ ಗ್ರೀಸ್ ಹಚ್ಚಿದರು. ಈ ಗ್ರೀಸನ್ನು ಮರೆಯಬಾರದು. ನಮ್ಮ ಮಳೆಗೆ ಪಿಲ್ಲರ್ ಫ್ರೇಮಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡರೆ, ಮಗು ಬೆಳೆದರೂ ಸೀಟು ಏರುವುದಿಲ್ಲ. ಮೂರು ವರ್ಷದ ಲೆಕ್ಕವೆಲ್ಲ ಅಲ್ಲೇ ಕೆಡುತ್ತದೆ. ಮಳೆಗಾಲದಲ್ಲಿ ರಿಮ್ಮಿಗೆ ಅಂಟಿದ ಕೆಸರಿನ ಮರಳು ಬ್ರೇಕ್ ರಬ್ಬರಿಗೆ ಕಚ್ಚಿಕೊಂಡು ರಿಮ್ಮನ್ನೇ ಸವೆಸುತ್ತದೆ. ವಿ-ಬ್ರೇಕಿನ ನಿಜವಾದ ಕೊರತೆ ಇದು. ಶನಿವಾರ ಮಧ್ಯಾಹ್ನ ಮಗಳೇ ಬಕೆಟ್ ನೀರಲ್ಲಿ ರಿಮ್ ತೊಳೆದು, ರಬ್ಬರಿನಲ್ಲಿ ಸಿಕ್ಕಿದ ಹರಳನ್ನು ಪಿನ್ನಿನಿಂದ ಕೀಳುತ್ತಾಳೆ.

ಇದನ್ನೆಲ್ಲ ಕೇಳಿದ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ತಮಗೂ ಒಂದು ಸೈಕಲ್ ಬೇಕು ಅಂದರು. ಅವರದು ಒಂಬತ್ತು ಕಿಲೋಮೀಟರ್, ಎಲ್ಲ ಟಾರು ರಸ್ತೆ, ಮೈಕಟ್ಟು ಬೆಳೆದು ಮುಗಿದದ್ದು. ಅವರಿಗೆ ಸೀಟು ಏರಿಸುವ ಜಾಗ ಬೇಕಿಲ್ಲ, ತೆಳ್ಳಗಿನ ಟೈರು ವೇಗಕ್ಕೆ ಒಳ್ಳೆಯದು. 622ರ ರಿಮ್ಮಿನ ಹೈಬ್ರಿಡ್ ಸೈಕಲ್ ತಗೊಂಡರು. ಟೈರು ಊರಲ್ಲಿ ಸಿಗುವುದಿಲ್ಲ ಅಂತ ಗೊತ್ತಿದ್ದೇ ಒಂದು ಟೈರು, ಎರಡು ಟ್ಯೂಬು ಜೊತೆಗೇ ತಂದು ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಅದರ ವಾಲ್ವು ಕಡ್ಡಿಯ ಹಾಗೆ ಸಣ್ಣದು, ಇಲ್ಲಿಯ ಯಾವ ಪಂಪೂ ಹಿಡಿಯುವುದಿಲ್ಲ. ಅದಕ್ಕೆ ಬೈಕಿನ ವಾಲ್ವಿನ ಅಳತೆಗೆ ತರುವ ಹಿತ್ತಾಳೆಯ ಸಣ್ಣ ಅಡಾಪ್ಟರ್ ಬರುತ್ತದೆ. ಅದನ್ನು ಅವರು ಬೀಗದ ಕೈ ಗೊಂಚಲಿಗೇ ಹಾಕಿಕೊಂಡಿದ್ದಾರೆ.